ಬೇಕೂಂತಲೇ ಮರೀತಾರಾ?

"ಎಷ್ಟು ಸಲ ಹೇಳಿದ್ರೂ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡ್ತಾರೆ." ಗಂಡನ ಬಗ್ಗೆ ಈ ದೂರು ಕೇಳದ ಮನೆ ನಮ್ಮಲ್ಲಿ ಕಡಿಮೆ. ಮೀನು ತರಲು ಹೋದವರು ಚಾರ್ಜರ್ ತಂದಿರುತ್ತಾರೆ. ನಿಕಾಹ್‌ಗೆ ಹನ್ನೊಂದಕ್ಕೆ ಹೊರಡೋಣ ಅಂದವರು ಹನ್ನೊಂದೂಕಾಲಿಗೆ ಸ್ನಾನಕ್ಕೆ ಹೋಗುತ್ತಾರೆ. ನೀರಿನ ಪಂಪ್ ಹಾಕಿ ಮರೆತು, ಟ್ಯಾಂಕ್ ತುಂಬಿ ಅಂಗಳವೆಲ್ಲ ನೀರಾದಾಗ ಪಕ್ಕದ ಮನೆಯವರು ಕೂಗಿ ಹೇಳಬೇಕು. ಇಂಥದ್ದು ಆಗಾಗ ಎಲ್ಲರಿಗೂ ಆಗುತ್ತದೆ, ನಕ್ಕು ಬಿಡುತ್ತೇವೆ. ಆದರೆ ಚಿಕ್ಕಂದಿನಿಂದಲೂ, ದಿನಾಲೂ, ಮನೆಯಲ್ಲೂ ಹೊರಗೂ ಇದೇ ಆಗುತ್ತಿದ್ದರೆ ಅದರ ಹಿಂದೆ ಬೇರೊಂದು ಕಾರಣ ಇರಬಹುದು. ವೈದ್ಯರು ಅದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ. ಗಮನವನ್ನು ಹಿಡಿದಿಡುವ, ಸಮಯವನ್ನು ಅಳೆಯುವ, ಶುರು ಮಾಡಿದ್ದನ್ನು ಮುಗಿಸುವ ಶಕ್ತಿ ಹುಟ್ಟಿನಿಂದಲೇ ಬೇರೆ ರೀತಿ ಕೆಲಸ ಮಾಡುವ ಸ್ಥಿತಿ ಅದು. ಮಕ್ಕಳಿಗೆ ಮಾತ್ರ ಬರುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಮಕ್ಕಳು ದೊಡ್ಡವರಾಗುತ್ತಾರೆ, ಮದುವೆಯಾಗುತ್ತಾರೆ, ಅದೂ ಜೊತೆಯಲ್ಲೇ ಬರುತ್ತದೆ.

ಉಳ್ಳಾಲ ಕಡೆಯ ಒಂದು ದಂಪತಿ ತಮ್ಮ ಕಥೆಯನ್ನು ನಮ್ಮೊಡನೆ ಹಂಚಿಕೊಂಡರು. ಹೆಸರು ಬೇಡ ಅಂದರು, ಬರೆಯುವುದಿಲ್ಲ. ಅವರಿಗೆ 38 ವರ್ಷ, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಪತ್ನಿ ಮನೆಯಲ್ಲೇ ಬಟ್ಟೆ ಹೊಲಿದು ಕೊಡುತ್ತಾರೆ. ಮಗಳು ಆರನೇ ಕ್ಲಾಸ್, ಮಗ ಎರಡನೇ ಕ್ಲಾಸ್. ಮದುವೆಯಾಗಿ ಹದಿಮೂರು ವರ್ಷ.

ಪತ್ನಿಯ ದೊಡ್ಡ ಸಿಟ್ಟು ಯಾವುದು ಗೊತ್ತಾ? ಮರೆವಿನ ಮೇಲಲ್ಲ, ನೆನಪಿನ ಮೇಲೆ. "ಅಂಗಡಿಯಲ್ಲಿ ಯಾವ ಕಂಪನಿಯ ಯಾವ ಸ್ವಿಚ್‌ಗೆ ಎಷ್ಟು ರೇಟ್ ಅಂತ ಬಾಯಿಪಾಠ. ಐದು ವರ್ಷ ಹಿಂದೆ ವಯರ್ ತಗೊಂಡು ಹೋದವನ ಬಾಕಿ ಎಷ್ಟು ಅಂತ ನೆನಪಿದೆ. ನಾನು ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಇಲ್ಲ. ಹಾಗಾದರೆ ನಾನು ಲೆಕ್ಕಕ್ಕೇ ಇಲ್ಲ ಅಂತ ಆಯ್ತಲ್ವಾ?" ಹೀಗೆ ಯೋಚಿಸಿ ಅವರು ಹತ್ತು ವರ್ಷ ನೊಂದಿದ್ದಾರೆ. ಇಂಥ ಮನೆಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಇಲ್ಲಿಯೇ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ನೆನಪು ಅಂದರೆ ಒಂದೇ ಡಬ್ಬಿಯಲ್ಲ. ರೇಟ್, ಬಾಕಿ, ಹೆಸರು ಇವೆಲ್ಲ ತಲೆಯಲ್ಲಿ ಶೇಖರವಾಗಿರುವ ಸಂಗತಿ. ಗಿರಾಕಿ ಎದುರು ಬಂದು ಕೇಳಿದ ಕೂಡಲೇ ಅದು ತಾನಾಗಿ ಮೇಲೆ ಬರುತ್ತದೆ. "ಸಂಜೆ ಬರುವಾಗ ಬಂಗುಡೆ ತನ್ನಿ" ಎಂಬುದು ಬೇರೆ ಜಾತಿಯ ನೆನಪು. ಅದನ್ನು ಯಾರೂ ಕೇಳುವುದಿಲ್ಲ. ಹತ್ತು ಗಂಟೆ ಬೇರೆ ಕೆಲಸದಲ್ಲಿ ಮುಳುಗಿದ ಮೇಲೆ, ಸರಿಯಾಗಿ ಮೀನು ಮಾರ್ಕೆಟ್‌ನ ತಿರುವಿನಲ್ಲಿ, ತಾನಾಗಿಯೇ ಎದ್ದು ನಿಲ್ಲಬೇಕು. ಎಡಿಎಚ್‌ಡಿ ಇರುವವರಲ್ಲಿ ಸೋಲುವುದು ಈ ಎರಡನೆಯದು. ಮಾಡಬೇಕು ಅನ್ನುವುದು ಗೊತ್ತಿರುತ್ತದೆ, ಆಸೆಯೂ ಇರುತ್ತದೆ. ಮಾಡಬೇಕಾದ ಕ್ಷಣದಲ್ಲಿ ಅದು ಕಣ್ಣ ಮುಂದೆ ಬರುವುದಿಲ್ಲ. ಹೆಂಡತಿಯ ಮಾತು ಮಾತ್ರ ಹೀಗೆ ಹೋಗುವುದಲ್ಲ, ಅವರ ಸ್ವಂತ ಕೆಲಸಗಳೂ ಹಾಗೆಯೇ ಹೋಗುತ್ತವೆ. ಇವರು ತಮ್ಮದೇ ಸ್ಕೂಟರಿನ ಇನ್ಶೂರೆನ್ಸ್ ಎರಡು ಸಲ ಮರೆತು ದಂಡ ಕಟ್ಟಿದ್ದಾರೆ. ಪತ್ನಿಗೆ ಸ್ವಲ್ಪ ಸಮಾಧಾನ ಆಗಿದ್ದು ಈ ಲೆಕ್ಕ ಹಾಕಿದ ಮೇಲೆಯೇ.

ಇನ್ನೊಂದು ವಿಷಯ, ಇವರ ಗಮನ ಇಷ್ಟವಿದ್ದ ಕಡೆ, ಗಡಿಬಿಡಿ ಇದ್ದ ಕಡೆ, ಹೊಸತು ಇದ್ದ ಕಡೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಿರಾಕಿ ಎದುರು ನಿಂತಿದ್ದಾಗ ಚುರುಕು, ಬಿಲ್ ಫೈಲ್ ಮಾಡುವಾಗ ಮಂಕು. ನೋಡುವವರಿಗೆ ಇದು ಸೋಮಾರಿತನ, ಇಲ್ಲವೇ ಬೇಕಾದ್ದಕ್ಕೆ ಮಾತ್ರ ತಲೆ ಕೊಡುವ ಸ್ವಾರ್ಥ ಎಂದು ಕಾಣುತ್ತದೆ. ಗಮನವನ್ನು ಬೇಕಾದಲ್ಲಿಗೆ ತಿರುಗಿಸುವ ಹಿಡಿ ಅವರ ಕೈಯಲ್ಲಿ ಸಡಿಲವಾಗಿದೆ, ಅಷ್ಟೆ.

ಇವರಿಗೆ ವಿಷಯ ಗೊತ್ತಾಗಿದ್ದು ಮಗನಿಂದ. ಕ್ಲಾಸಿನಲ್ಲಿ ಕೂತಲ್ಲಿ ಕೂರುವುದಿಲ್ಲ, ಡಾಕ್ಟರಿಗೆ ಒಮ್ಮೆ ತೋರಿಸಿ ಎಂದು ಟೀಚರ್ ಹೇಳಿದರು. ಮನೋವೈದ್ಯರು ಮಗನ ವಿಷಯ ಕೇಳುತ್ತಾ ಕೇಳುತ್ತಾ ಅಪ್ಪನ ಕಡೆ ತಿರುಗಿದರು. ಈ ಸ್ಥಿತಿ ವಂಶದಲ್ಲಿ ಹರಿಯುವುದು ತುಂಬಾ ಹೆಚ್ಚು, ಹಾಗಾಗಿ ಮಗುವಿಗೆ ಇದ್ದರೆ ತಂದೆ ತಾಯಿಯನ್ನೂ ವಿಚಾರಿಸುವುದು ರೂಢಿ. ಅವರ ಉಮ್ಮನನ್ನು ಕರೆಸಿ ಕೇಳಿದಾಗ ಉಮ್ಮ ನಕ್ಕರಂತೆ. "ಮಳೆಗಾಲಕ್ಕೆ ಮೂರು ಕೊಡೆ ತೆಗೆದುಕೊಡಬೇಕಿತ್ತು ಇವನಿಗೆ. ಮದ್ರಸದಿಂದ ಬೇರೆಯವರ ಚಪ್ಪಲಿ ಹಾಕ್ಕೊಂಡು ಬರ್ತಿದ್ದ. ಬುದ್ಧಿ ಇದೆ, ಕೂತು ಓದಲ್ಲ ಅಂತ ಎಲ್ಲ ಮಾಸ್ಟ್ರೂ ಹೇಳಿದ್ರು."

ಡಾಕ್ಟರಿಗೆ ಬೇಕಾಗಿದ್ದು ಇದೇ ಮಾಹಿತಿ. ಎಡಿಎಚ್‌ಡಿ ಎಂದು ಹೇಳಬೇಕಾದರೆ ಅದರ ಲಕ್ಷಣಗಳು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಕೆಲಸ ಹೀಗೆ ಕನಿಷ್ಠ ಎರಡು ಕಡೆ ತೊಂದರೆ ಕೊಡುತ್ತಿರಬೇಕು. ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಕೂತು ಕೇಳಿ ತಿಳಿಯುವುದೇ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿರುವ 18 ಪ್ರಶ್ನೆಗಳ ಒಂದು ಪಟ್ಟಿ ಇದೆ, ಮೊಬೈಲಿನಲ್ಲೂ ಸಿಗುತ್ತದೆ. ಅದನ್ನು ತುಂಬಿಸಿ ಅಂಕ ಬಂತು ಎಂದು ತಾವೇ ಹೆಸರು ಇಟ್ಟುಕೊಳ್ಳುವುದು ಬೇಡ, ಡಾಕ್ಟರನ್ನು ಕಾಣಬೇಕಾ ಎಂದು ತಿಳಿಯಲಿಕ್ಕೆ ಮಾತ್ರ ಅದು.

ಆದರೂ ಇವರಿಗೆ ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್, ಶುಗರ್ ನೋಡಿದರು, ರಾತ್ರಿ ಗೊರಕೆ ಹೊಡೆಯುತ್ತಾರಾ ಎಂದು ಪತ್ನಿಯನ್ನು ಕೇಳಿದರು. ಥೈರಾಯ್ಡ್ ಏರುಪೇರಾದರೂ, ಗೊರಕೆ ಹೊಡೆದು ಉಸಿರು ಕಟ್ಟಿ ನಿದ್ದೆ ಸರಿಯಾಗದಿದ್ದರೂ, ಮನಸ್ಸು ಕುಗ್ಗುವ ಖಿನ್ನತೆ ಇದ್ದರೂ ಮರೆವು ಮತ್ತು ಮಂಕು ಹೀಗೆಯೇ ಕಾಣುತ್ತದೆ. ಅದಕ್ಕೆ ಬೇರೆ ಮದ್ದು. ಮೊದಲು ಎಲ್ಲ ಸರಿ ಇದ್ದು, ನಲವತ್ತು ಕಳೆದ ಮೇಲೆ ಹೊಸದಾಗಿ ಮರೆವು ಶುರುವಾದರೆ ಅದು ಬಹುಮಟ್ಟಿಗೆ ಎಡಿಎಚ್‌ಡಿ ಅಲ್ಲ, ಬೇರೆ ಕಾರಣ ಹುಡುಕಬೇಕು. ಇನ್ನೊಂದನ್ನೂ ನೇರವಾಗಿ ಹೇಳಿಬಿಡುತ್ತೇವೆ. ಚಿಕ್ಕಂದಿನಲ್ಲಿ ಏನೂ ಇಲ್ಲ, ಕೆಲಸಕ್ಕೆ ಒಂದು ನಿಮಿಷ ತಡವಿಲ್ಲ, ಗೆಳೆಯರ ಜೊತೆ ಹೊರಡಲು ಹತ್ತು ನಿಮಿಷ ಮೊದಲೇ ರೆಡಿ, ಮನೆಯ ಕೆಲಸಕ್ಕೆ ಮಾತ್ರ ಮರೆವು ಎಂದಾದರೆ ಅದಕ್ಕೆ ವೈದ್ಯರ ಹೆಸರು ಹುಡುಕಿ ಪ್ರಯೋಜನ ಇಲ್ಲ. ಬೈಗುಳ, ಕೈ ಎತ್ತುವುದು, ಇವಕ್ಕೂ ಇದು ನೆಪ ಆಗುವುದಿಲ್ಲ.

ಹೆಸರು ಸಿಕ್ಕಿತು. ಮುಂದೇನು? ಪತ್ನಿ ಹೇಳಿದ ಮಾತು ಹೀಗಿದೆ: "ಗೊತ್ತಾದ ಮೇಲೆ ಸಿಟ್ಟು ಕಡಿಮೆ ಆಯ್ತು. ಕೆಲಸ ಕಡಿಮೆ ಆಗಲಿಲ್ಲ." ಮಗಳು ಆಗಲೂ ಟ್ಯೂಷನ್ ಹೊರಗೆ ಕಾಯುತ್ತಲೇ ಇದ್ದಳು.

ಹಾಗಾಗಿ ಅವರು ಮೊದಲು ಹಿಡಿದಿದ್ದು ಅದೊಂದನ್ನೇ. ಎಲ್ಲವನ್ನೂ ಒಟ್ಟಿಗೆ ಸರಿ ಮಾಡಲು ಹೊರಟಿದ್ದರೆ ಒಂದೂ ಆಗುತ್ತಿರಲಿಲ್ಲ. ಟ್ಯೂಷನ್ ಬಿಡುವುದು 6.30ಕ್ಕೆ. ಅವರ ಲೆಕ್ಕದಲ್ಲಿ ಅಂಗಡಿಯಿಂದ ಅಲ್ಲಿಗೆ ಹತ್ತು ನಿಮಿಷ. 6.20ಕ್ಕೆ ಎದ್ದರೆ ಸಾಕು. ತಲುಪುವಾಗ 6.50, ಕೆಲವೊಮ್ಮೆ 7.10. ಈ ಸ್ಥಿತಿಯಲ್ಲಿ ಸಮಯ ಕಣ್ಣಿಗೆ ಕಾಣುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು. ಸಮಯ ಎಂದರೆ ಎರಡೇ, ಈಗ ಮತ್ತು ಆಮೇಲೆ. 6.20 ಬರುವ ತನಕ ಅದು ಆಮೇಲೆಯ ಲೆಕ್ಕದಲ್ಲಿ ಇರುತ್ತದೆ, ಬಂದ ಮೇಲೆ ತಡವಾಗಿರುತ್ತದೆ. ಅದಕ್ಕೆ ಒಂದು ವಾರ ಅಂಗಡಿಯ ಹುಡುಗ ಒಂದು ಚೀಟಿಯಲ್ಲಿ ಬರೆದಿಟ್ಟ. ಸಾಹೇಬರು ಏಳುತ್ತೇನೆ ಅಂದದ್ದು ಯಾವಾಗ, ಟ್ಯೂಷನ್ ಗೇಟಿನಿಂದ ಫೋನ್ ಮಾಡಿದ್ದು ಯಾವಾಗ. ಕ್ಯಾಶ್ ಲೆಕ್ಕ ಒಪ್ಪಿಸುವುದು, ಕೀ ಹುಡುಕುವುದು, ಹೆಲ್ಮೆಟ್ ಹುಡುಕುವುದು, ಸ್ಕೂಟರ್ ಹೊರಗೆ ತೆಗೆಯುವುದು, ಜಂಕ್ಷನ್‌ನಲ್ಲಿ ನಿಲ್ಲುವುದು ಎಲ್ಲ ಸೇರಿ 27 ನಿಮಿಷದ ಹತ್ತಿರ ಬಂತು. ಚೀಟಿ ನೋಡಿ ಅವರಿಗೇ ಆಶ್ಚರ್ಯ. ಪತ್ನಿ ಹದಿಮೂರು ವರ್ಷ ಬಾಯಲ್ಲಿ ಹೇಳಿದ್ದನ್ನು ಆ ಚೀಟಿ ಜಗಳವಿಲ್ಲದೆ ಹೇಳಿತು.

ಆಮೇಲೆ ಹಿಂದಕ್ಕೆ ಲೆಕ್ಕ ಹಾಕಿದರು. 5.55ಕ್ಕೆ ಅಲಾರಂ. ಮೊದಲು ಅವರ ಫೋನಿನಲ್ಲಿ ಎಷ್ಟೋ ಅಲಾರಂ ಇದ್ದವು, ಎಲ್ಲವನ್ನೂ ಬೆರಳಲ್ಲಿ ಸರಿಸಿ ಗಿರಾಕಿ ಜೊತೆ ಮಾತು ಮುಂದುವರಿಸುತ್ತಿದ್ದರು. ಅದಕ್ಕೆ ಈ ಸಲ ಹಳೇ ಫೋನೊಂದನ್ನು ಅಂಗಡಿಯ ಆಚೆ ಗೋಡೆಯ ಮೇಲಿನ ರ‍್ಯಾಕಿನಲ್ಲಿ ಇಟ್ಟರು. ಬಂದ್ ಮಾಡಬೇಕಾದರೆ ಕುರ್ಚಿ ಬಿಟ್ಟು ಏಳಲೇಬೇಕು, ಒಮ್ಮೆ ಎದ್ದರೆ ಅರ್ಧ ಕೆಲಸ ಆದ ಹಾಗೆ. ಅಲಾರಂ ಆದ ಮೇಲೆ ಬಂದ ಗಿರಾಕಿ ಹುಡುಗನದ್ದು. "ಒಂದೇ ನಿಮಿಷ, ಇವರದ್ದು ಕೊಟ್ಟು ಬರ್ತೇನೆ" ಎಂಬ ಮಾತಿಗೆ ಜಾಗ ಇಲ್ಲ, ತಡವಾಗುತ್ತಿದ್ದುದು ಆ ಒಂದು ನಿಮಿಷದಲ್ಲೇ. ಕೀ ಮತ್ತು ಹೆಲ್ಮೆಟ್ ಅದೇ ಹಳೇ ಫೋನಿನ ಪಕ್ಕದಲ್ಲಿ.

ಅವರು ಇನ್ನೊಂದು ಒಪ್ಪಂದವನ್ನೂ ಮಾಡಿಕೊಂಡರು. ತಪ್ಪಿಸಲಾಗದ ಕಾರಣದಿಂದ ತಡವಾಗುವುದಾದರೆ 6.15ರ ಒಳಗೆ ಮನೆಗೆ ಫೋನ್ ಬರಬೇಕು, ಪತ್ನಿ ಆಟೋದಲ್ಲಿ ಹೋಗಿ ಮಗಳನ್ನು ಕರೆದು ತರುತ್ತಾರೆ. ತಡವಾದ ಮೇಲೆ ಬರುವ ಕಾರಣಕ್ಕಿಂತ ಮೊದಲೇ ಬರುವ ಒಂದು ಫೋನ್ ಹೆಚ್ಚು ಉಪಯೋಗ. ಮೊದಲ ತಿಂಗಳಲ್ಲಿ 22 ದಿನ ಟ್ಯೂಷನ್ ಇತ್ತು. ನಾಲ್ಕು ದಿನ ತಪ್ಪಿತು, ಅದರಲ್ಲಿ ಮೂರು ದಿನ ಫೋನ್ ಬಂದಿತ್ತು. ಪತ್ನಿ ಈ ಲೆಕ್ಕವನ್ನು ನಮಗೆ ಹೇಳುವಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ನೆನಪಿಸುವ ಕೆಲಸ ಪತ್ನಿಯ ಬಾಯಿಂದ ಗೋಡೆಯ ರ‍್ಯಾಕಿಗೆ ಹೋಯಿತು. ಮೊದಲು ದಿನಕ್ಕೆ ಮೂರು ಸಲ ಅವರೇ ಫೋನ್ ಮಾಡುತ್ತಿದ್ದರು. ಹೀಗೆ ನೆನಪಿಸುತ್ತಾ ಹೋದರೆ ಹೆಂಡತಿ ಟೀಚರ್ ಆಗುತ್ತಾಳೆ, ಗಂಡ ಸ್ಕೂಲ್ ಹುಡುಗ ಆಗುತ್ತಾನೆ. ಅವನು ಮುಚ್ಚಿಡಲು ಕಲಿಯುತ್ತಾನೆ, "ಹ್ಞಾಂ, ಕಟ್ಟಿದ್ದೇನೆ" ಎಂದು ಕಟ್ಟದ ಬಿಲ್ಲಿಗೆ ಹೇಳುತ್ತಾನೆ. ಸುಳ್ಳು ಹೇಳುವ ಸ್ವಭಾವ ಇದ್ದು ಹೇಳುವುದಲ್ಲ, ಬೈಗುಳ ತಪ್ಪಿಸಲು ಹೇಳುವುದು. ಆದರೆ ಸಿಕ್ಕಿಬಿದ್ದ ದಿನ ಮರೆವಿಗಿಂತ ಅದೇ ದೊಡ್ಡ ಗಾಯ.

ಮನೆಯೊಳಗೆ ಮಾಡಿದ ಬದಲಾವಣೆಗಳೂ ಇದೇ ದಾರಿಯವು. ಕೀ ಇಡಲು ಪತ್ನಿ ಚಂದದ ಒಂದು ಬುಟ್ಟಿ ತಂದು ಶೋಕೇಸಿನೊಳಗೆ ಇಟ್ಟಿದ್ದರು. ಒಂದು ದಿನವೂ ಅದರಲ್ಲಿ ಕೀ ಬೀಳಲಿಲ್ಲ. ಅವರು ಮನೆಗೆ ಬಂದು ಕೀ ಎಲ್ಲಿ ಬಿಸಾಡುತ್ತಾರೆ ಎಂದು ನಾಲ್ಕು ದಿನ ನೋಡಿದರು, ಬಾಗಿಲ ಪಕ್ಕದ ಫ್ರಿಜ್ ಮೇಲೆ. ಬುಟ್ಟಿಯನ್ನು ಫ್ರಿಜ್ ಮೇಲೆ ತಂದಿಟ್ಟರು, ಸಮಸ್ಯೆ ಮುಗಿಯಿತು. ಇವರಿಗೆ ಮುಚ್ಚಿದ ಕಪಾಟಿನೊಳಗೆ ಹೋದ ವಸ್ತು ಇಲ್ಲವಾದ ಹಾಗೆಯೇ. ಅದಕ್ಕೆ ಕಾಗದಪತ್ರಗಳು ಈಗ ಬಾಗಿಲಿಲ್ಲದ ರ‍್ಯಾಕಿನಲ್ಲಿ, ಪಾರದರ್ಶಕ ಫೈಲಿನಲ್ಲಿವೆ. ನೋಡಲು ಅಷ್ಟು ಚಂದವಿಲ್ಲ ಎಂದು ಮಾಮಿ ಹೇಳುತ್ತಿರುತ್ತಾರಂತೆ. ಕರೆಂಟ್, ಇಂಟರ್ನೆಟ್ ಬಿಲ್ಲುಗಳನ್ನು ಬ್ಯಾಂಕಿನಿಂದ ತಾನಾಗಿ ಹೋಗುವ ಹಾಗೆ ಮಾಡಿದರು. ಅದಕ್ಕೊಂದು ಸಲ ಕೂತರೆ ಸಾಕು, ಆದರೆ ಆ ಒಂದು ಸಲ ಕೂರುವುದೇ ಇವರಿಗೆ ಕಷ್ಟ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಪತ್ನಿ ಪಕ್ಕದಲ್ಲಿ ಹೊಲಿಗೆ ಹಿಡಿದು ಕೂತರು, ಅವರು ಮೊಬೈಲ್ ಹಿಡಿದು ಕೂತರು. ಪತ್ನಿ ಏನೂ ಹೇಳಲಿಲ್ಲ. ಪಕ್ಕದಲ್ಲಿ ಒಬ್ಬರು ತಮ್ಮ ಕೆಲಸ ಮಾಡುತ್ತಾ ಕೂತಿದ್ದರೆ ಇವರ ಕೆಲಸ ಮುಗಿಯುತ್ತದೆ, ಎದ್ದು ಹೋದರೆ ನಿಲ್ಲುತ್ತದೆ.

ಆ ಶುಕ್ರವಾರದ ಕೂಟ ಈಗ ರೂಢಿಯಾಗಿದೆ, ಇಪ್ಪತ್ತು ನಿಮಿಷ. ಮುಂದಿನ ವಾರ ಏನೇನಿದೆ ಎಂದು ಪತ್ನಿ ಹೇಳುತ್ತಾರೆ, ಅವರು ತಮ್ಮ ಕೈಯಲ್ಲೇ ಬರೆದುಕೊಳ್ಳುತ್ತಾರೆ. ಅವರು ವಹಿಸಿಕೊಂಡದ್ದನ್ನು ಪತ್ನಿ ನಡುವೆ ಕೇಳುವುದಿಲ್ಲ. ಕಳೆದ ವಾರ ತಪ್ಪಿದ್ದು ಇದ್ದರೆ ಆಗ ಮಾತಾಡುತ್ತಾರೆ, ತಪ್ಪಿದ ರಾತ್ರಿ ಅಲ್ಲ. "ನಮ್ಮ ಮೇಲೆ ಪ್ರೀತಿ ಇದ್ದಿದ್ರೆ ಮರೀತಿದ್ರಾ?" ಎಂಬುದರ ಬದಲು, "ಮಂಗಳವಾರ ಮಗಳು ಅರ್ಧ ಗಂಟೆ ಹೊರಗೆ ನಿಂತಳು, ಅವಳಿಗೆ ಹೆದರಿಕೆ ಆಯ್ತು. ಎಲ್ಲಿ ತಪ್ಪಿತು?" ಆದದ್ದನ್ನು ಅವರು ಚಿಕ್ಕದು ಮಾಡುವುದಿಲ್ಲ, ಮಗಳ ಹೆದರಿಕೆಯನ್ನು ಮುಚ್ಚಿಡುವುದಿಲ್ಲ. ಅವರೂ "ಎಂತ ಮಾಡೋದು, ನಾನು ಇರೋದೇ ಹೀಗೆ" ಅನ್ನುವ ಹಾಗಿಲ್ಲ. ಆ ಮಂಗಳವಾರ ತಪ್ಪಿದ್ದು ಹಳೇ ಫೋನ್ ಚಾರ್ಜ್ ಇಲ್ಲದೆ ಬಂದ್ ಆಗಿದ್ದರಿಂದ. ಈಗ ಅದು ಚಾರ್ಜರಿಗೆ ಹಾಕಿಕೊಂಡೇ ಇರುತ್ತದೆ. ಒಂದು ವಿಷಯ ಪತ್ನಿ ತಾವಾಗಿ ಕಲಿತದ್ದು: ಅವರು ಮೊಬೈಲ್ ನೋಡುತ್ತಿರುವಾಗ ಅಡುಗೆಮನೆಯಿಂದ ಕೂಗಿ ಹೇಳಿದ ಮಾತು ಹೇಳದ ಹಾಗೆಯೇ. "ಹೂಂ" ಎಂದು ಉತ್ತರ ಬಂದರೂ ಕೇಳಿರುವುದಿಲ್ಲ. ಹತ್ತಿರ ಹೋಗಿ, ಮುಖ ನೋಡಿ, ಒಂದೇ ವಿಷಯ ಹೇಳಿ, ಅವರ ಬಾಯಿಂದ ಒಮ್ಮೆ ಹೇಳಿಸಿದರೆ ಉಳಿಯುತ್ತದೆ.

ಕೆಲಸದ ಪಾಲನ್ನೂ ಬದಲಿಸಿಕೊಂಡರು. ತಾರೀಕು ಇರುವ ಕೆಲಸ, ಶಾಲೆಯ ಫೀಸು, ಎಲ್‌ಐಸಿ, ಇವೆಲ್ಲ ಪತ್ನಿಗೆ. ಹಾಗೆಂದು ಎಲ್ಲ ಅವರ ತಲೆಗೆ ಬೀಳಬಾರದಲ್ಲ, ಅದಕ್ಕೆ ಎದ್ದು ಕೂಡಲೇ ಮಾಡಿ ಮುಗಿಸುವಂಥದ್ದು ಗಂಡನಿಗೆ: ಸಂತೆ, ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ರಾತ್ರಿ ಪಾತ್ರೆ, ಮನೆಗೆ ನೆಂಟರು ಬಂದ ದಿನ ಕೋಳಿಯಿಂದ ಹಿಡಿದು ಐಸ್‌ಕ್ರೀಮ್ ತನಕ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಪತ್ನಿಯೇ ಹೇಳಿದರು.

ಇಲ್ಲಿ ಗಂಡನ ಕಥೆ ಹೇಳಿದೆವು. ಹೆಂಡತಿಗೆ ಇದ್ದರೆ ಗೊತ್ತಾಗುವುದು ಇನ್ನೂ ತಡ. ಹೆಣ್ಣುಮಕ್ಕಳಲ್ಲಿ ಓಡಾಟ, ಗಲಾಟೆ ಕಡಿಮೆ. ಕಿಟಕಿ ಹೊರಗೆ ನೋಡುತ್ತಾ ಕೂತ ಸಾಧು ಹುಡುಗಿಯನ್ನು ಯಾರೂ ಡಾಕ್ಟರಿಗೆ ತೋರಿಸುವುದಿಲ್ಲ. ಮದುವೆಯಾಗಿ ಹತ್ತು ಜನರ ಮನೆಗೆ ಬಂದ ಮೇಲೆ ಹಾಲು ಉಕ್ಕುತ್ತದೆ, ಬಟ್ಟೆ ವಾಷಿಂಗ್ ಮೆಷಿನ್‌ನಲ್ಲೇ ಮರುದಿನಕ್ಕೆ ಉಳಿಯುತ್ತದೆ, ಮನೆವಾರ್ತೆ ಗೊತ್ತಿಲ್ಲದವಳು ಎಂದು ಹೆಸರು ಬರುತ್ತದೆ. ಗಂಡ ಗಲ್ಫ್‌ನಲ್ಲಿದ್ದು ಮನೆ, ಮಕ್ಕಳು, ಬ್ಯಾಂಕು ಎಲ್ಲ ಒಬ್ಬಳ ತಲೆಯ ಮೇಲೆ ಬಂದಾಗ ಅದು ಇನ್ನೂ ಎದ್ದು ಕಾಣುತ್ತದೆ. ತಾನು ಏನಕ್ಕೂ ಬಾರದವಳು ಎಂದು ಅವಳು ನಂಬಿಬಿಟ್ಟಿರುತ್ತಾಳೆ. ಅಂಥವರಿಗೂ ಪರೀಕ್ಷೆ ಅದೇ, ದಾರಿ ಅದೇ.

ಮದ್ದಿನ ವಿಷಯ. ಮೀಥೈಲ್‌ಫೆನಿಡೇಟ್ ಎಂಬುದು ತೆಗೆದುಕೊಂಡ ದಿನವೇ ಕೆಲಸ ತೋರಿಸುತ್ತದೆ, ಕೆಲವು ಗಂಟೆಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಅಟೊಮಾಕ್ಸೆಟಿನ್ ನಿಧಾನ, ಅದರ ಗುಣ ತಿಳಿಯಲು ಕೆಲವು ವಾರ ಬೇಕು. ಹಸಿವು ಕಡಿಮೆಯಾಗುವುದು ಎರಡರಲ್ಲೂ ಇದೆ, ಮೊದಲನೆಯದನ್ನು ತಡವಾಗಿ ತೆಗೆದುಕೊಂಡರೆ ನಿದ್ದೆ ಬರುವುದಿಲ್ಲ. ಬಿ.ಪಿ., ಹೃದಯದ ತೊಂದರೆ ಇದ್ದರೆ ಮೊದಲೇ ಡಾಕ್ಟರಿಗೆ ಹೇಳಬೇಕು. ಮದ್ದು ಗಮನವನ್ನು ನಿಲ್ಲಿಸಲು ಸಹಾಯ ಮಾಡುತ್ತದೆ, ಅಲಾರಂ ಇಡುವುದಿಲ್ಲ, ಬಿಲ್ ಕಟ್ಟುವುದಿಲ್ಲ. ಇವರು ಚಿಕ್ಕ ಡೋಸಿನಲ್ಲಿ ಶುರು ಮಾಡಿದರು. ಗಿರಾಕಿ ಮಾತು ಮುಗಿಯುವ ಮೊದಲೇ ಬಾಯಿ ಹಾಕುವುದು ನಿಂತಿದೆ ಎಂದು ಅಂಗಡಿ ಹುಡುಗ ಮೊದಲು ಗುರುತಿಸಿದನಂತೆ.

ನಮ್ಮ ಮನೆಗಳಿಗೆ ಎರಡು ಮಾತು ವಿಶೇಷವಾಗಿ ಹೇಳಬೇಕು. ರಮಳಾನ್‌ನಲ್ಲಿ ಊಟ, ನಿದ್ದೆ ಎರಡೂ ಸಮಯ ಬದಲಿಸುತ್ತವೆ. ಉಪವಾಸಕ್ಕೆಂದು ಮದ್ದನ್ನು ತಾವೇ ರಾತ್ರಿಗೆ ತಳ್ಳಿದರೆ ನಿದ್ದೆ ಹೋಗುತ್ತದೆ, ನಿದ್ದೆ ಹೋದರೆ ಮರೆವು ಹೆಚ್ಚುತ್ತದೆ. ದಿನಕ್ಕೊಮ್ಮೆ ತೆಗೆದುಕೊಂಡರೆ ಸಾಕಾಗುವ ಮಾತ್ರೆಗಳಿವೆ. ಅತ್ತಾಳದ ಹೊತ್ತಿಗೆ ಅದು ಆಗುತ್ತದಾ ಎಂದು ತಿಂಗಳು ಶುರುವಾಗುವ ಎರಡು ಮೂರು ವಾರ ಮೊದಲೇ ಡಾಕ್ಟರನ್ನು ಕೇಳಬೇಕು. ಎರಡನೆಯದು ಗಲ್ಫ್ ಪ್ರಯಾಣ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲೂ ಕಟ್ಟುನಿಟ್ಟಿನ ಔಷಧ, ಚೀಟಿ ಇಲ್ಲದೆ ಕೊಡುವುದಿಲ್ಲ, ಎಲ್ಲ ಮೆಡಿಕಲ್‌ಗಳಲ್ಲೂ ಸಿಗುವುದಿಲ್ಲ. ಯುಎಇ, ಸೌದಿ ಅರೇಬಿಯದಲ್ಲಿ ಅದು ನಿಯಂತ್ರಿತ ಪಟ್ಟಿಯಲ್ಲಿದೆ. ಡಾಕ್ಟರ ಚೀಟಿ ಜೇಬಿನಲ್ಲಿದ್ದರೆ ಸಾಲದು, ಅಲ್ಲಿನ ಆರೋಗ್ಯ ಅಧಿಕಾರಿಗಳ ಅನುಮತಿಯನ್ನು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ರಜೆಗೆ ಬಂದವರ ಬ್ಯಾಗಿನಲ್ಲಿ ಇನ್ನೊಬ್ಬರಿಗೆಂದು ಕೊಟ್ಟು ಕಳಿಸುವುದಂತೂ ಬೇಡವೇ ಬೇಡ.

ಎಲ್ಲಿಗೆ ಹೋಗುವುದು ಎಂದು ಕೇಳುವವರಿಗೆ: ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇದೆ. ಹೋಗುವ ಮೊದಲು ಮಾತಾಡಿ ನೋಡಬೇಕು ಅನ್ನಿಸಿದರೆ ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಖರ್ಚಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಡಾಕ್ಟರ ಬಳಿ ಹೋಗುವ ದಿನ ಗಂಡ ಹೆಂಡತಿ ಇಬ್ಬರೂ ಹೋಗಿ. ಹಳೇ ಶಾಲೆಯ ಪ್ರೋಗ್ರೆಸ್ ಕಾರ್ಡ್ ಇದ್ದರೆ ಹಿಡಿದುಕೊಳ್ಳಿ, ಚಿಕ್ಕಂದಿನದ್ದು ಬಲ್ಲ ಉಮ್ಮನೋ ಅಕ್ಕನೋ ಜೊತೆಗೆ ಬಂದರೆ ಇನ್ನೂ ಒಳ್ಳೆಯದು. ಮತ್ತೆ ಅಪಾಯಿಂಟ್‌ಮೆಂಟಿನ ಸಮಯವನ್ನು ಬರೆದು ಫ್ರಿಜ್ ಮೇಲೆ ಕೀ ಬುಟ್ಟಿಯ ಹತ್ತಿರ ಅಂಟಿಸಿ. ಇವರು ಮೊದಲ ಸಲದ್ದನ್ನು ಮರೆತೇ ಬಿಟ್ಟಿದ್ದರು, ಎರಡನೇ ಸಲಕ್ಕೆ ಹೋದದ್ದು.